ಉತ್ತರ ಬೇಡದ ಕಾಗದ

ಎರಡು ಸಾವಿರದ ಒಂದನೇ ಇಸವಿಯ ಜನಗಣತಿಯಲ್ಲಿ ಪಾಳ್ಯದ ಪ್ರಾಥಮಿಕ ಶಾಲೆಯ ದ್ರಾಕ್ಷಾಯಣಿ ಮೇಡಂ ಪಾಲಿಗೆ ಬಂದದ್ದು ನೂರ ಮೂವತ್ತೆಂಟು ಮನೆ, ಆರುನೂರ ಹನ್ನೊಂದು ಜನ. ಊರೊಳಗಿನ ಮನೆಗಳು ಸಲೀಸಾಗಿದ್ದವು. ಹೊಲದ ನಡುವಿನ ಒಂಟಿ ಮನೆಗಳಿಗೂ ಗುಡ್ಡದ ಮೇಲಿನ ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಿಗೂ ನಡೆದೇ ಹೋಗಬೇಕಿತ್ತು. ಬೆಳಿಗ್ಗೆ ಆರಕ್ಕೆ ಹೊರಟರೆ ಎಂಟು ಮನೆ ಮುಗಿಸಿ ಶಾಲೆಗೆ ಬರುತ್ತಿದ್ದಳು. ಪಾಠ ಮುಗಿದ ಮೇಲೆ ಮತ್ತೆ ನಾಲ್ಕು ಮನೆ. ಫಾರಂಗಳನ್ನು ಯಂತ್ರ ಓದುತ್ತದೆ, ಅಂಕಿ ಚೌಕದ ಗೆರೆ ದಾಟಬಾರದು ಎಂದು ಆಲೂರಿನ ತರಬೇತಿಯಲ್ಲಿ ಮೂರು ಮೂರು ಸಲ ಹೇಳಿ ಕಳಿಸಿದ್ದರು. ಜಗುಲಿಯ ಮೇಲೆ, ಕಟ್ಟೆಯ ಮೇಲೆ, ಒಮ್ಮೆ ಮಗುಚಿಟ್ಟ ಒರಳಿನ ಮೇಲೂ ಕಾಗದವಿಟ್ಟು ಬರೆದಿದ್ದಳು. ಒಂದು ಅಂಕಿಯೂ ಗೆರೆ ದಾಟಲಿಲ್ಲ. ಅದರ ಬಗ್ಗೆ ಅವಳಿಗೆ ಸಣ್ಣ ಹೆಮ್ಮೆ ಇತ್ತು.

ಮಾರ್ಚ್ ಐದಕ್ಕೆ ಗಣತಿ ಮುಗಿಯಿತು, ಆರಕ್ಕೆ ಏಳನೇ ತರಗತಿಯ ಪುನರಾವರ್ತನೆ ಶುರುವಾಯಿತು. ಆಮೇಲೆ ಪರೀಕ್ಷೆ. ಯುಗಾದಿಗೆ ಎರಡು ದಿನ ಇದೆ ಎನ್ನುವ ಶನಿವಾರ ಮೇಜಿನ ಖಾನೆ ಚೊಕ್ಕಟ ಮಾಡುತ್ತಿರುವಾಗ, ಗಣತಿಯ ಸೂಚನಾ ಪುಸ್ತಕದ ಅಡಿಯಲ್ಲಿ ಎರಡು ಇನ್‌ಲ್ಯಾಂಡ್ ಕಾಗದ ಸಿಕ್ಕವು. ಎರಡೂ ಯಸಳೂರಿನ ಗಂಗಾಮಣಿಯವು. ಒಂದು ಜನವರಿಯದು, ಇನ್ನೊಂದು ಫೆಬ್ರವರಿ ಮೊದಲ ವಾರದ್ದು. ಓದಿದ್ದಳು, ನಕ್ಕಿದ್ದಳು, ‘ನಾಳೆ ಬರೀಬೇಕು’ ಅಂದುಕೊಂಡು ಇಟ್ಟಿದ್ದಳು. ಆ ನಾಳೆಗೆ ಈಗ ಎರಡು ತಿಂಗಳಾಗಿತ್ತು.

ಗಂಗಾಮಣಿಯೂ ಅವಳೂ ಹಾಸನದಲ್ಲಿ ಟಿ.ಸಿ.ಎಚ್. ಶಿಕ್ಷಕ ತರಬೇತಿ ಓದುವಾಗ ಎರಡು ವರ್ಷ ಒಂದೇ ಕೋಣೆಯಲ್ಲಿ ಇದ್ದವರು. ಗಂಗಾಮಣಿ ಪಾಸಾದರೂ ಕೆಲಸಕ್ಕೆ ಹೋಗಲಿಲ್ಲ. ಯಸಳೂರಿನ ನಟರಾಜನನ್ನು ಮದುವೆಯಾಗಿ, ಅವನ ಏಳು ಎಕರೆ ಕಾಫಿ, ಮೆಣಸಿನಲ್ಲಿ ಅವನಿಗಿಂತ ಒಂದು ಕೈ ಮೇಲೆ ಎನ್ನಿಸಿಕೊಂಡಳು. ಹದಿನಾಲ್ಕು ವರ್ಷದಿಂದ ಹದಿನೈದು ದಿನಕ್ಕೊಂದು ಕಾಗದ ಅತ್ತಲಿಂದ ಇತ್ತ, ಇತ್ತಲಿಂದ ಅತ್ತ ಓಡಾಡುತ್ತಿತ್ತು. ಮೂರು ತಿಂಗಳಿಗೊಮ್ಮೆ ಸಕಲೇಶಪುರದಲ್ಲಿ ಭೇಟಿ. ಬಸ್ ಸ್ಟ್ಯಾಂಡಿನ ಎದುರು ಹೋಟೆಲಿನಲ್ಲಿ ಎರಡು ಮಸಾಲೆ ದೋಸೆ, ನಾಲ್ಕು ಕಾಫಿ, ಕೊನೆಯ ಬಸ್ಸಿನವರೆಗೆ ಮಾತು.

ದ್ರಾಕ್ಷಾಯಣಿಗೆ ಗಂಗಾಮಣಿ ಬಲವಾಗಿ ನೆನಪಾದದ್ದು ಮಾತ್ರ ಆ ಕಾಗದಗಳಿಂದಲ್ಲ, ಗಣತಿಯ ಒಂದು ಮನೆಯಿಂದ. ಎಸ್ಟೇಟ್ ಲೈನಿನಲ್ಲಿ ಮಾರಮ್ಮ ಎನ್ನುವ ಮುದುಕಿ ಇದ್ದಳು. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದ್ದಕ್ಕೆ ಎರಡು ಬೆರಳು ತೋರಿಸಿದಳು.

“ಇನ್ನೊಬ್ರು ಯಾರಜ್ಜಿ?”

“ಹುಲಿಯಮ್ಮ. ಪಕ್ಕದ ಮನೇಲಿ ಅವ್ಳೆ.”

“ಅವರ ಮನೇಲಿ ಅವರನ್ನ ಬರ್ಕೊಂಡಾಯ್ತಲ್ಲ. ನಿಮಗೆ ಅವರು ಏನಾಗ್ಬೇಕು?”

“ಏನೂ ಆಗ್ಬೇಕಿಲ್ಲ ಕಣವ್ವ. ನಲವತ್ತು ವರ್ಸದಿಂದ ಒಟ್ಗೆ ಕಾಫಿ ಹಣ್ಣು ಕುಯ್ತೀವಿ. ಒಂದು ಒಲೆ ಹತ್ಸಿದ್ರೆ ಇಬ್ರಿಗೂ ಆಯ್ತದೆ. ಬರ್ಕೊ.”

ಯಜಮಾನನಿಗೆ ಏನಾಗಬೇಕು ಎನ್ನುವ ಕಾಲಮಿನಲ್ಲಿ ಹೆಂಡತಿ, ಮಗ, ಸೊಸೆ, ಮೊಮ್ಮಗ, ಅತ್ತೆ, ನಾದಿನಿ ಎಲ್ಲರಿಗೂ ಜಾಗವಿತ್ತು. ಹುಲಿಯಮ್ಮನಿಗೆ ಇರಲಿಲ್ಲ. ದ್ರಾಕ್ಷಾಯಣಿ ‘ಒಬ್ಬರು’ ಎಂದು ಬರೆದು ಮುಂದಿನ ಮನೆಗೆ ಹೋದಳು. ಗುಡ್ಡ ಇಳಿಯುವಾಗ ಗಂಗಾಮಣಿಗೆ ಇದನ್ನು ಹೇಳಬೇಕು ಅನ್ನಿಸಿತು. ಆಮೇಲೆ ದಿನವೂ ಏನಾದರೊಂದನ್ನು ಅವಳಿಗೇ ಹೇಳಬೇಕು ಅನ್ನಿಸುತ್ತಿತ್ತು, ಹೇಳಲು ಹೊತ್ತಿರಲಿಲ್ಲ.

ಶನಿವಾರ ಶಾಲೆ ಬಿಟ್ಟ ಮೇಲೆ ನೇರ ಅಂಚೆ ಕಚೇರಿಗೆ ಹೋದಳು. ಪೋಸ್ಟ್ ಮಾಸ್ಟರ್ ಶಾಂತಮಲ್ಲಪ್ಪನವರ ಮನೆಯ ಮುಂದಿನ ಕೋಣೆಯೇ ಅಂಚೆ ಕಚೇರಿ. ಇನ್‌ಲ್ಯಾಂಡ್ ಕೇಳಿದಳು.

“ಯಸಳೂರಿಗಾ ಮೇಡಂ? ಬಹಳ ದಿನ ಆಯ್ತು ಈ ಕಡೆ ಬಂದು,” ಎಂದರು. “ಜವಾಬು ಕಾರ್ಡ್ ಕೊಡ್ಲಾ? ಜೋಡಿ ಕಾರ್ಡು. ಒಂದ್ರಲ್ಲಿ ನೀವು ಬರೀರಿ, ಇನ್ನೊಂದರ ಮೇಲೆ ನಿಮ್ಮ ವಿಳಾಸ ಬರೆದು ಕಳ್ಸಿ. ಅವರು ತಪ್ಪಿಸ್ಕೊಳ್ಳೋ ಹಂಗೇ ಇಲ್ಲ.”

“ಬೇಡ ಸರ್. ತಪ್ಪಿಸ್ಕೊಳ್ಳಲಿ ಅಂತಾನೇ ಬರೀತಿರೋದು,” ಎಂದಳು ದ್ರಾಕ್ಷಾಯಣಿ. ಶಾಂತಮಲ್ಲಪ್ಪನವರಿಗೆ ಅರ್ಥವಾಗಲಿಲ್ಲ. ಅವಳಿಗೂ ಆಗ ಪೂರ್ತಿ ಅರ್ಥವಾಗಿರಲಿಲ್ಲ.

ಭಾನುವಾರ ಗಂಡ ವಸಂತ ಮಾವಿನ ಸೊಪ್ಪು ತರಲು ಹೋದಾಗ ಬರೆಯಲು ಕೂತಳು. ಇನ್‌ಲ್ಯಾಂಡಿನಲ್ಲಿ ಇರುವ ಜಾಗವೇ ಎರಡೂವರೆ ಪುಟ, ಒಳಗೆ ಬೇರೆ ಹಾಳೆ ಇಡುವಂತಿಲ್ಲ. ಹಾಗಾಗಿ ಮೊದಲು ಪರೀಕ್ಷೆಯಲ್ಲಿ ಉಳಿದ ಬಿಳಿ ಹಾಳೆಯಲ್ಲಿ ಬರೆದಳು. ‘ಪ್ರೀತಿಯ ಗಂಗಾ, ನನ್ನನ್ನು ಕ್ಷಮಿಸು’ ಎಂದು ಶುರುವಾದದ್ದು ಅರ್ಧ ಪುಟ ಕ್ಷಮೆಯಲ್ಲೇ ಹೋಯಿತು. ಓದಿದಳು. ಓದುವಾಗ ತಾನು ಗಂಗಾಮಣಿ ಎಂದುಕೊಂಡಳು. ಗಂಗಾಮಣಿ ಇದನ್ನು ಓದಿ ಏನು ಮಾಡುತ್ತಾಳೆ? ತಕ್ಷಣ ಪೆನ್ನು ಹುಡುಕಿ ‘ಅಯ್ಯೋ ಪರವಾಗಿಲ್ಲ ಕಣೇ’ ಎಂದು ಬರೆಯಲೇಬೇಕು. ಸಮಾಧಾನ ತನಗೆ, ಕೆಲಸ ಅವಳಿಗೆ. ಆ ಹಾಳೆ ಒಲೆಗೆ ಹೋಯಿತು.

ಎರಡನೆಯದರಲ್ಲಿ ಕ್ಷಮೆ ಒಂದೇ ಸಾಲಾಯಿತು. ಆದರೆ ಕೆಳಗೆ ಹೋದಂತೆ ‘ನೀನೂ ಈಚೆಗೆ ಬರೆದೇ ಇಲ್ಲ, ಕೋಪವೇ? ಕಾಫಿ ಕುಯ್ಲು ಮುಗಿಯಿತೆ? ಅತ್ತೆಯವರ ಕಾಲುನೋವು ಹೇಗಿದೆ? ಸಕಲೇಶಪುರಕ್ಕೆ ಯಾವಾಗ ಬರುತ್ತೀಯ?’ ಎಂದು ಸಾಲಾಗಿ ಬಂತು. ಕೆಂಪು ಪೆನ್ನು ಕೈಯಲ್ಲಿದ್ದ ಅಭ್ಯಾಸಕ್ಕೆ ಪ್ರಶ್ನೆಚಿಹ್ನೆಗಳನ್ನು ಎಣಿಸಿದಳು. ಒಂಬತ್ತು. ಇದು ಕಾಗದವಲ್ಲ, ಪ್ರಶ್ನೆಪತ್ರಿಕೆ. ಅದೂ ‘ಎಲ್ಲಾ ಪ್ರಶ್ನೆಗಳಿಗೂ ಉತ್ತರಿಸಿ’ ಎನ್ನುವಂಥದ್ದು. ಅದರಲ್ಲೂ ಆ ‘ನೀನೂ ಬರೆದೇ ಇಲ್ಲ’ ಎನ್ನುವುದು ಸುಳ್ಳು. ಬರೆಯದೆ ಇದ್ದವಳು ತಾನು.

ಮಧ್ಯಾಹ್ನ ಶಾಲೆಯ ಹಿರಿಯ ಟೀಚರ್ ಸರೋಜಮ್ಮ ಬೇವಿನ ಹೂವು ಕೇಳಿಕೊಂಡು ಬಂದವರು ಹಾಳೆ ನೋಡಿ, “ಚೆನ್ನಾಗೇ ಐತೆ. ಕೊನೇಲಿ ‘ಕೂಡಲೇ ಉತ್ತರ ಬರೆ’ ಅಂತ ಹಾಕು, ಅಷ್ಟೇಯ. ಇಲ್ಲಾಂದ್ರೆ ಜನ ಬರೆಯಲ್ಲ ಕಣಮ್ಮ,” ಎಂದರು.

“ಅವಳು ಬರೀಲಿ ಅಂತ ಬರೀತಿಲ್ಲ ಮೇಡಂ. ನೆನಪಾಗ್ತಿದ್ದಾಳೆ ಅಂತ ಅವಳಿಗೆ ಗೊತ್ತಾಗ್ಲಿ ಅಂತ.”

“ಉತ್ತರ ಬರ್ದೇ ಹೋದ್ರೆ ಬೇಜಾರಾಗಲ್ವ?”

ದ್ರಾಕ್ಷಾಯಣಿ ಸುಳ್ಳು ಹೇಳಲಿಲ್ಲ. “ಆಗ್ಬೋದು. ಅದನ್ನ ನಾನು ನೋಡ್ಕೋತೀನಿ. ಅವಳ ತಲೆಗೆ ಕಟ್ಟಲ್ಲ.”

ಮೂರನೆಯ ಸಲ ಕೂತಾಗ ಕೈ ಹಿಡಿತಕ್ಕೆ ಬಂದಿತ್ತು. ಕೊನೆಯ ಸಾಲಿನದೇ ತಕರಾರು. ‘ಉತ್ತರ ಬರೆಯದಿದ್ದರೂ ಬೇಜಾರಿಲ್ಲ’ ಎಂದು ಬರೆದಳು. ಬೇಜಾರು ಎಂಬ ಮಾತು ಬಂದೊಡನೆ ಬೇಜಾರೂ ಬಂದು ಕೂತಿತು. ಹೊಡೆದುಹಾಕಿದಳು. ‘ಬಿಡುವಾದಾಗ ಬರೆ’ ಎಂದಳು. ಹಾಗೆಂದರೆ ಬಿಡುವಾದ ದಿನ ಅವಳಿಗೆ ಮೊದಲು ನೆನಪಾಗುವುದು ಈ ಕಾಗದದ ಬಾಕಿ. ಅದೂ ಬೇಡ. ಕೊನೆಗೆ ನೆಟ್ಟಗೆ ಹೇಳಿಬಿಡುವುದೇ ಸರಿ ಎಂದು ತೋರಿತು. ಇನ್‌ಲ್ಯಾಂಡ್ ಬಿಡಿಸಿ, ದುಂಡಗೆ ಬರೆದಳು:

‘ಗಂಗಾ,

ಎರಡು ತಿಂಗಳು ಜನರನ್ನು ಎಣಿಸುವುದರಲ್ಲಿ, ಆಮೇಲೆ ಮಕ್ಕಳಿಗೆ ಪರೀಕ್ಷೆ ಮಾಡುವುದರಲ್ಲಿ ಕಳೆದವು. ನಿನ್ನ ಎರಡು ಕಾಗದವೂ ಬಂದಿವೆ. ನಾನು ಬರೆಯಲಿಲ್ಲ, ತಪ್ಪು ನನ್ನದೇ. ಈಗ ಮೈ ಹಗುರವಾಗಿದೆ, ಚೆನ್ನಾಗಿದ್ದೇನೆ.

ಆರುನೂರ ಹನ್ನೊಂದು ಜನರನ್ನು ಮಾತಾಡಿಸಿದೆ ಕಣೇ. ಅಷ್ಟು ಜನರ ನಡುವೆ ನೀನೊಬ್ಬಳು ಇಲ್ಲ ಅಂತ ಅನ್ನಿಸುತ್ತಿತ್ತು. ಲೈನಿನಲ್ಲಿ ಮಾರಮ್ಮ ಅಂತ ಒಬ್ಬ ಅಜ್ಜಿ, ಪಕ್ಕದ ಮನೆಯ ಗೆಳತಿಯನ್ನೂ ತನ್ನ ಮನೆಯ ಲೆಕ್ಕಕ್ಕೆ ಬರೆದುಕೊ ಎಂದು ಹಟ ಮಾಡಿದಳು. ಸರ್ಕಾರದ ಫಾರಂನಲ್ಲಿ ಗೆಳತಿಗೆ ಕಾಲಮಿಲ್ಲ. ಆ ದಿನ ಗುಡ್ಡ ಇಳಿಯುತ್ತಾ ನಿನ್ನ ಹತ್ತಿರ ಮಾತಾಡಿಕೊಂಡೇ ಬಂದೆ. ದಾರಿಯಲ್ಲಿ ದನ ಹೊಡೆದುಕೊಂಡು ಬರುತ್ತಿದ್ದವರು ತಿರುಗಿ ನೋಡಿದರು. ನೋಡಲಿ ಬಿಡು.

ಹಾಸ್ಟೆಲಿನಲ್ಲಿ ನೀನು ಸಾರಿಗೆ ಉಪ್ಪಿನ ಬದಲು ಸೋಡಾಪುಡಿ ಹಾಕಿ, ಅದು ಉಕ್ಕಿ, ವಾರ್ಡನ್ ಬರುವಷ್ಟರಲ್ಲಿ ನಾವಿಬ್ಬರೂ ನೆಲ ಒರೆಸುತ್ತಿದ್ದದ್ದು ಮೊನ್ನೆ ಪರೀಕ್ಷೆ ಕೋಣೆಯಲ್ಲಿ ನೆನಪಾಗಿ ನಗು ತಡೆಯಲಾಗಲಿಲ್ಲ. ಮಕ್ಕಳು ಮೇಡಂಗೆ ಏನೋ ಆಗಿದೆ ಅಂದುಕೊಂಡರು.

ಇಷ್ಟೇ ಹೇಳಬೇಕಿತ್ತು. ನೀನು ನೆನಪಾಗುತ್ತಿದ್ದೀಯ. ಈ ಕಾಗದಕ್ಕೆ ಉತ್ತರ ಬೇಡ, ಓದಿದರೆ ಸಾಕು. ನಾನು ಇಲ್ಲೇ ಇದ್ದೇನೆ.

ನಿನ್ನ ದ್ರಾಕ್ಷಿ’

ಒಂದೂ ಪ್ರಶ್ನೆಚಿಹ್ನೆ ಇಲ್ಲ ಎಂದು ಇನ್ನೊಮ್ಮೆ ನೋಡಿಕೊಂಡು, ಅಂಚಿಗೆ ಅನ್ನದ ಅಗುಳು ಸವರಿ ಅಂಟಿಸಿದಳು. ಸೋಮವಾರ ಹಬ್ಬ. ಮಂಗಳವಾರ ಬೆಳಿಗ್ಗೆ ಡಬ್ಬಿಗೆ ಹಾಕಿ ಶಾಲೆಗೆ ಹೋದಳು.

ಪಾಳ್ಯದ ಟಪಾಲು ಬಸ್ಸಿನಲ್ಲಿ ಆಲೂರಿಗೆ ಹೋಗಿ, ಅಲ್ಲಿಂದ ಸುತ್ತಿ ಯಸಳೂರು ಸೇರಲು ಮೂರು ನಾಲ್ಕು ದಿನ. ಮರುಟಪಾಲಿಗೆ ಇನ್ನಷ್ಟು. ಒಂದು ವಾರ ಅವಳು ನಿಜಕ್ಕೂ ಆ ಬಗ್ಗೆ ಯೋಚಿಸಲಿಲ್ಲ. ಎರಡನೇ ವಾರ ಪೋಸ್ಟ್‌ಮ್ಯಾನ್ ಸೈಕಲ್ ಗೇಟಿನ ಬಳಿ ನಿಧಾನವಾದಾಗ ಕಿವಿ ಅತ್ತ ಹೋಗುತ್ತಿತ್ತು. ಬೇಡ ಎಂದು ಬರೆದವಳು ನೀನೇ ಅಲ್ಲವೇ ಎಂದು ತನ್ನನ್ನೇ ಗದರಿಕೊಂಡು, ಫಲಿತಾಂಶದ ಪಟ್ಟಿ ಮಾಡುತ್ತಿದ್ದಳು.

ಏಪ್ರಿಲ್ ಹತ್ತಕ್ಕೆ ಶಾಲೆಗೆ ಬೇಸಿಗೆ ರಜೆ ಬಿಟ್ಟಿತು. ಪಟ್ಟಿ ಒಪ್ಪಿಸಲು ಆಲೂರಿನ ಕಚೇರಿಗೆ ಹೋದಾಗ ಸುನಿಲ್‌ಕುಮಾರ್ ಸಿಕ್ಕ. ಯಸಳೂರಿನವನು, ಮಗ್ಗೆಯ ಶಾಲೆಯಲ್ಲಿ ಮೇಷ್ಟ್ರು.

“ಗಂಗಾಮಣಿ ಅಕ್ಕನ್ನ ನೋಡೋಕೆ ಹೋಗಿದ್ರಾ ಮೇಡಂ?” ಎಂದ.

“ಯಾಕೆ?”

“ಗೊತ್ತಿಲ್ವ ನಿಮಗೆ? ನಟರಾಜಣ್ಣ ಮೆಣಸು ಕುಯ್ಯೋವಾಗ ಬಳ್ಳಿ ಹಬ್ಬಿರೋ ಸಿಲ್ವರ್ ಓಕ್ ಮರದಿಂದ ಏಣಿ ಜಾರಿ ಬಿದ್ಬುಟ್ರು. ತೊಡೆ ಮೂಳೆ ಮುರಿದೈತೆ. ತಿಂಗಳ ಮೇಲಾಯ್ತು. ಹಾಸನದ ಆಸ್ಪತ್ರೇಲಿ ಮೂಳೆ ನೆಟ್ಟಗೆ ಕೂಡ್ಲಿ ಅಂತ ಕಾಲಿಗೆ ತೂಕ ಕಟ್ಟಿ ಮಲಗ್ಸವ್ರೆ.”

ದ್ರಾಕ್ಷಾಯಣಿ ಲೆಕ್ಕ ಹಾಕಿದಳು. ತಾನು ಸೋಡಾಪುಡಿಯ ಕತೆ ಬರೆಯುವಾಗ ನಟರಾಜ್ ಆಸ್ಪತ್ರೆ ಸೇರಿ ಎರಡು ವಾರ ಮೇಲಾಗಿತ್ತು. ಗಂಡನ ಕಾಲಿಗೆ ಕಲ್ಲು ತೂಗುಹಾಕಿರುವಾಗ ಗಂಗಾಮಣಿ ಬಿಡಿಸಿ ಓದಿದ್ದು ವಾರ್ಡನ್ನಿನ ಕತೆಯನ್ನು. ಕಿವಿ ಬಿಸಿಯಾಯಿತು. ಅದರ ಹಿಂದೆಯೇ ಇನ್ನೊಂದು ಎದ್ದಿತು: ಇಷ್ಟಾದರೂ ನನಗೊಂದು ಮಾತು ಹೇಳಲಿಲ್ಲವಲ್ಲ. ನಾಚಿಕೆಗಿಂತ ಆ ನೋವೇ ಚುರುಕಾಗಿತ್ತು. ಬಸ್ಸಿನಲ್ಲಿ ಪಾಳ್ಯಕ್ಕೆ ಬರುವವರೆಗೂ ಅದು ಬಿಡಲಿಲ್ಲ. ‘ಯಾಕೆ ತಿಳಿಸಲಿಲ್ಲ’ ಎಂಬ ಕಾಗದ ಮನಸ್ಸಿನಲ್ಲಿ ಆಗಲೇ ಅರ್ಧ ಬರೆದಾಗಿತ್ತು.

ಊರಿನ ಕಟ್ಟೆಯ ಬಳಿ ಇಳಿಯುವ ಹೊತ್ತಿಗೆ ಅವಳು ಒಂದು ತೀರ್ಮಾನಕ್ಕೆ ಬಂದಿದ್ದಳು. ಆ ಪ್ರಶ್ನೆಗೂ ಗಂಗಾಮಣಿ ಉತ್ತರ ಹೊಂದಿಸಬೇಕು. ಗಂಡನ ಔಷಧಿ, ಅತ್ತೆಯ ಊಟ, ಕಣದಲ್ಲಿ ಒಣಗಲು ಹಾಕಿದ ಮೆಣಸು, ಇವುಗಳ ಜೊತೆ ಗೆಳತಿಯ ಮುನಿಸನ್ನೂ ನೋಡಿಕೊಳ್ಳಬೇಕು. ಉತ್ತರ ಬೇಡ ಎಂದು ಬರೆದು, ಉತ್ತರ ಬಾರದೆ ಇದ್ದದ್ದಕ್ಕೆ ಕೋಪ ಮಾಡಿಕೊಂಡರೆ ಬರೆದದ್ದಕ್ಕೆ ಏನು ಬೆಲೆ. ಮನೆಗೆ ಬಂದು ವಸಂತನಿಗೆ, “ನಾಳೆ ಬೆಳಿಗ್ಗೆ ಹಾಸನಕ್ಕೆ ಹೋಗಿ ಬರ್ತೀನಿ. ರೊಟ್ಟಿ, ಹುಚ್ಚೆಳ್ಳು ಚಟ್ನಿ ಮಾಡ್ಕೊಂಡು ಹೋಗ್ಬೇಕು,” ಎಂದಳು. ವಸಂತ ಹುಚ್ಚೆಳ್ಳಿನ ಡಬ್ಬ ಇಳಿಸಿ ಕೊಟ್ಟ.

ವಾರ್ಡಿನಲ್ಲಿ ಗಂಗಾಮಣಿ ಇರಲಿಲ್ಲ. ನಟರಾಜ್ ಕಾಲು ಎತ್ತರಿಸಿಕೊಂಡು ಮಲಗಿದ್ದ; ಹಗ್ಗ ಗಾಲಿಯ ಮೇಲೆ ಹಾದು ಮಂಚದ ಆಚೆ ತೂಕ ಜೋತಾಡುತ್ತಿತ್ತು. ಪಕ್ಕದಲ್ಲಿ ಅವನ ತಾಯಿ ರಾಜಲಕ್ಷ್ಮಮ್ಮ ಕಿತ್ತಳೆ ಸುಲಿಯುತ್ತಿದ್ದರು.

“ಬನ್ನಿ ಟೀಚ್ರೇ,” ಎಂದ ನಟರಾಜ್. “ನಿಮ್ಮ ಗೆಳತಿ ಮೆಣಸು ತೂಕ ಹಾಕ್ಸೋಕೆ ಊರಿಗೆ ಹೋಗವ್ಳೆ. ನಾಳಿದ್ದು ಬರ್ತಾಳೆ.”

“ನಾನು ನಿಮ್ಮನ್ನ ನೋಡೋಕೆ ಬಂದಿದ್ದು. ಹೇಗಿದ್ದೀರ?”

“ಮಲಗೋದು ಒಂದು ಬಿಟ್ಟು ಬೇರೆ ಕೆಲ್ಸ ಇಲ್ಲ. ಅದನ್ನೂ ನೆಟ್ಟಗೆ ಮಾಡೋಕೆ ಬಿಡಲ್ಲ ಈ ಹಗ್ಗ.”

ದ್ರಾಕ್ಷಾಯಣಿ ಡಬ್ಬಿ ಬಿಚ್ಚಿದಳು. ಸ್ವಲ್ಪ ಹೊತ್ತು ಮೆಣಸಿನ ಬಗ್ಗೆ ಮಾತಾಯಿತು. ಆಮೇಲೆ ಮನಸ್ಸಿನಲ್ಲಿದ್ದದ್ದನ್ನು ಹೇಳಿಯೇಬಿಟ್ಟಳು: “ನನಗೆ ಗೊತ್ತೇ ಇರಲಿಲ್ಲ ನಟರಾಜಣ್ಣ. ಅಂಥ ಹೊತ್ತಲ್ಲಿ ಏನೇನೋ ತಮಾಷೆ ಬರೆದು ಕಳಿಸಿಬಿಟ್ಟೆ.”

ರಾಜಲಕ್ಷ್ಮಮ್ಮ ಕಿತ್ತಳೆ ಕೆಳಗಿಟ್ಟರು. “ಆ ಕಾಗ್ದಾನ ಊರಿಂದ ನಾನೇ ತಂದ್ಕೊಟ್ಟೆ ಕಣವ್ವ. ಕಾಗ್ದ ಅಂದ್ರೆ ನನ್ನ ಸೊಸೆ ಮುಖ ಬಾಡಿ ಇಷ್ಟಾಗೋದು. ಅವರು ಬರ್ದವ್ರೆ, ಇವರು ಬರ್ದವ್ರೆ; ಎಲ್ರುದೂ ಒಂದೇ, ‘ಹೆಂಗವ್ರೆ, ಡಾಕ್ಟ್ರು ಏನಂದ್ರು, ಕೂಡ್ಲೆ ತಿಳ್ಸಿ’. ಒಂದೊಂದಕ್ಕೂ ಅದನ್ನೇ ಬರ್ದು ಬರ್ದು, ಆಮೇಲೆ ಒಡೆಯೋದ್ನೇ ಬುಟ್ಬುಟ್ಟಿದ್ಲು.”

“ನಿಮ್ಮದನ್ನ ಅಕ್ಷರ ನೋಡಿ ಒಡೆದ್ಲು,” ಎಂದ ನಟರಾಜ್. “ಒಬ್ಳೇ ಕಿಟಕಿ ಹತ್ರ ನಿಂತು ಓದಿದ್ಲು. ಆಮೇಲೆ ನನಗೂ ಓದಿ ಹೇಳಿದ್ಲು. ಆ ಸೋಡಾಪುಡಿ ಕತೆ ಮೂರು ಸಲ ಹೇಳ್ಸಿದೀನಿ. ನಕ್ಕು ನಕ್ಕು ತೂಕ ಅಲ್ಲಾಡಿ ನರ್ಸಮ್ಮ ಬೈದ್ರು.” ದಿಂಬಿನ ಮೇಲೆ ತಲೆ ಸರಿಮಾಡಿಕೊಂಡು ಮತ್ತೆ ಹೇಳಿದ. “ಬಿದ್ದ ದಿನದಿಂದ ಅವಳು ನಕ್ಕಿರಲಿಲ್ಲ ಟೀಚ್ರೇ. ಅಳೋದೂ ಇಲ್ಲ, ನಗೋದೂ ಇಲ್ಲ. ಓಡಾಡ್ತಿದ್ಲು ಅಷ್ಟೇ.”

“ನನಗೆ ಯಾಕೆ ಹೇಳಲಿಲ್ಲ ಅಂತ ನಿನ್ನೆಯಿಂದ ಬೇಜಾರು ಮಾಡ್ಕೊಂಡಿದ್ದೆ.”

“ನಾನೂ ಕೇಳ್ದೆ,” ಎಂದ ನಟರಾಜ್. “‘ಅವಳಿಗೆ ಬರೆದ್ರೆ ಎಲ್ಲಾ ಬರೀಬೇಕಾಯ್ತದೆ, ಎಲ್ಲಾ ಬರೆದ್ರೆ ನಾನು ಕೂತ್ಬಿಡ್ತೀನಿ, ಈಗ ಕೂರೋ ಹಂಗಿಲ್ಲ’ ಅಂದ್ಲು. ನಿಮ್ಮ ಕಾಗ್ದ ಬಂದ್ಮೇಲೆ ಎರಡು ಸಲ ಕಾರ್ಡ್ ತಗೊಂಡು ಕೂತ್ಲು. ಉತ್ತರ ಬೇಡ ಅಂತ ಬರ್ದವ್ರಲ್ಲ, ಯಾಕೆ ಬರೀತೀಯ ಅಂದೆ. ಎತ್ತಿಟ್ಲು.”

ದ್ರಾಕ್ಷಾಯಣಿಯ ಎದೆಯ ಮೇಲಿನ ಭಾರ ಇಳಿದಿತ್ತು. ಎರಡು ಗಂಟೆ ಕೂತು, ರಾಜಲಕ್ಷ್ಮಮ್ಮನನ್ನು ಹೊರಗೆ ಕರೆದೊಯ್ದು ಕಾಫಿ ಕುಡಿಸಿ, ಹೊರಡುವಾಗ ಹೇಳಿದಳು: “ನಾನು ಬಂದಿದ್ದೆ ಅಂತ ಹೇಳಿ ಸಾಕು. ಬುಧವಾರ ಬುಧವಾರ ಮಧ್ಯಾಹ್ನದ ಊಟ ನನ್ನದು. ವಾರ್ಡಿನಲ್ಲಿ ಯಾರಿದ್ದರೂ ಸರಿ, ಕೊಟ್ಟು ಹೋಗ್ತೀನಿ. ಇದಕ್ಕೆ ಅವಳು ಹೂಂ ಅನ್ನೋದೂ ಬೇಡ.”

ಇನ್ನೆರಡು ಬುಧವಾರ ಹೋದಳು. ಒಮ್ಮೆ ಗಂಗಾಮಣಿ ಇದ್ದಳು, ಆದರೆ ಡಾಕ್ಟರ ಹಿಂದೆ ಎಕ್ಸ್‌ರೇ ಹಿಡಿದು ಓಡುತ್ತಿದ್ದಳು. ಕಾರಿಡಾರಿನಲ್ಲಿ ಎದುರಾದಾಗ ದ್ರಾಕ್ಷಾಯಣಿಯ ಮೊಣಕೈ ಬಿಗಿಯಾಗಿ ಹಿಡಿದು ಬಿಟ್ಟಳು, ಅಷ್ಟೇ. ನಡುವೆ ದ್ರಾಕ್ಷಾಯಣಿ ಇನ್ನೆರಡು ಕಾಗದವನ್ನೂ ಬರೆದಳು. ಒಂದರಲ್ಲಿ ಸರೋಜಮ್ಮನವರ ಎಮ್ಮೆ ಗಣತಿ ಚೀಲ ತಿಂದ ಸಂಗತಿ, ಇನ್ನೊಂದರಲ್ಲಿ ಸುಮ್ಮನೆ ಪಾಳ್ಯದಲ್ಲಿ ಮೊದಲ ಮಳೆ ಬಿದ್ದ ಸುದ್ದಿ. ಯಾವುದರಲ್ಲೂ ಪ್ರಶ್ನೆ ಇರಲಿಲ್ಲ. ಈ ಸಲ ಸೈಕಲ್ ಸದ್ದಿಗೆ ಕಿವಿಯೂ ಹೋಗಲಿಲ್ಲ.

ಏಪ್ರಿಲ್ ಕೊನೆಗೆ ನಟರಾಜನನ್ನು ಮನೆಗೆ ಕಳಿಸಿದರು. ಮೇ ಎರಡನೇ ವಾರದ ಒಂದು ಬೆಳಿಗ್ಗೆ ಹತ್ತೂವರೆ ಬಸ್ಸಿನಿಂದ ಗಂಗಾಮಣಿ ಇಳಿದಳು. ಹೇಳಿ ಕಳಿಸಿರಲಿಲ್ಲ. ಕೈಯಲ್ಲಿ ಒಂದು ಬಟ್ಟೆ ಚೀಲ, ಅದರಲ್ಲಿ ಒಂದು ಸೇರು ಮೆಣಸು. ತೆಳ್ಳಗಾಗಿದ್ದಳು. ಜಗುಲಿ ಹತ್ತಿ ಚಪ್ಪಲಿ ಬಿಟ್ಟು, “ಅವರು ಊರುಗೋಲು ಹಿಡ್ಕೊಂಡು ಕಣದವರೆಗೂ ಹೋಗ್ತಾರೆ ಈಗ,” ಎಂದಳು. ಆಮೇಲೆ, “ಉತ್ತರ ಹೇಳೋಕೆ ಬಂದೆ ಅನ್ಕೋಬೇಡ ಕಣೇ ದ್ರಾಕ್ಷಿ. ಅಲ್ಲಿ ಯಾರಾದ್ರೂ ಕೂಗ್ತಾರೆ ಅಂತ ಎರಡು ತಿಂಗಳಿಂದ ಎಚ್ಚರವಾಗೇ ಇದೀನಿ. ಎಲ್ಲಿ ಮಲಗಿದ್ರೆ ಯಾರೂ ಏನೂ ಕೇಳಲ್ಲ ಅಂತ ಯೋಚ್ನೆ ಮಾಡ್ದೆ. ಬಸ್ ಹತ್ತಿಬುಟ್ಟೆ,” ಎಂದಳು.

ದ್ರಾಕ್ಷಾಯಣಿ ಒಳಕೋಣೆಯಲ್ಲಿ ಚಾಪೆ ಹಾಸಿ, ದಿಂಬು ಕೊಟ್ಟು, ಕಿಟಕಿ ಮುಚ್ಚಿದಳು. ಗಂಗಾಮಣಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಎರಡು ನಿಮಿಷದಲ್ಲಿ ಉಸಿರು ನಿಧಾನವಾಯಿತು.

ವಸಂತ ಹೊಲದಿಂದ ಬಂದಾಗ ಅವಳು ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಅವನು ಗುದ್ದಲಿಯನ್ನು ಸದ್ದಾಗದಂತೆ ಮೂಲೆಗೆ ಒರಗಿಸಿ ಹಿತ್ತಲಿಗೆ ಹೋದ. ದ್ರಾಕ್ಷಾಯಣಿ ಬಾಗಿಲ ಬಳಿ ಒಣ ಅವರೆಕಾಳು ಆರಿಸುತ್ತಾ ಕೂತಳು. ಹೇಳಬೇಕಾದ ಮಾತು ನೂರಿದ್ದವು, ಯಾವುದಕ್ಕೂ ಅವಸರವಿರಲಿಲ್ಲ. ಸಕಲೇಶಪುರದ ಮೂರು ಗಂಟೆಯ ಬಸ್ಸು ಹಾರನ್ ಮಾಡಿಕೊಂಡು ಹೋಯಿತು. ಅವಳು ಎಬ್ಬಿಸಲಿಲ್ಲ, ಐದಕ್ಕೆ ಇನ್ನೊಂದಿತ್ತು.